ತೆರಿಗೆ ಸೊನ್ನೆಯಾದರೂ ರಿಟರ್ನ್ ಯಾಕೆ ಹಾಕಬೇಕು?

ಸಂಘದ ಹಿರಿಯರಿಗೆಲ್ಲ ನಮಸ್ಕಾರ.

ಒಳಗೆ ಬರುವಾಗಲೇ ಒಬ್ಬರು ಕೇಳಿದರು: "ಹನ್ನೆರಡು ಲಕ್ಷದವರೆಗೂ ತೆರಿಗೆ ಇಲ್ಲವಂತೆ, ಮತ್ತೆ ನಮಗೇಕೆ ರಿಟರ್ನ್?" ಅದಕ್ಕೇ ಮೊದಲು ಉತ್ತರ ಕೊಡ್ತೀನಿ.

ನಿವೃತ್ತ ಮೇಷ್ಟ್ರೊಬ್ಬರು ಅಂತ ಇಟ್ಟುಕೊಳ್ಳೋಣ. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ ಅವರಿಗೆ ಬಂದ ಪಿಂಚಣಿ 4,80,000 ರೂಪಾಯಿ. ಒಂದೇ ಬ್ಯಾಂಕಿನ ಎಫ್‌ಡಿಗಳಿಂದ ಬಡ್ಡಿ 2,60,000. ಹಿರಿಯರ ಬಡ್ಡಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಬ್ಯಾಂಕು ಶೇ. 10 ಟಿಡಿಎಸ್ ಹಿಡಿಯುತ್ತದೆ. ತೆರಿಗೆ ಹಿಡಿಯಬೇಡಿ ಅಂತ ಬ್ಯಾಂಕಿಗೆ ಕೊಡುವ 15ಎಚ್ ಫಾರಂ ಕೊಡಲು ಮರೆತಿದ್ದರಿಂದ ಮೇಷ್ಟ್ರ 26,000 ರೂಪಾಯಿ ಹೋಯಿತು.

ಈಗ ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕಿ. ಪಿಂಚಣಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ಉಳಿಯುವುದು 4,05,000. ಬಡ್ಡಿ ಸೇರಿಸಿದರೆ 6,65,000. ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ಸಿಗುವ ರಿಯಾಯಿತಿಯಿಂದ ತೆರಿಗೆ ಸೊನ್ನೆ. ಅಂದರೆ 26,000 ಪೂರ್ತಿ ಅವರದೇ ದುಡ್ಡು! ಆದರೆ ಅದು ತಾನಾಗಿ ವಾಪಸ್ ಬರಲ್ಲ. ರಿಟರ್ನ್ ಹಾಕಿ ಕೇಳಬೇಕು. ಟಿಡಿಎಸ್ ಕಡಿದಿರದಿದ್ದರೂ, ಹೊಸ ಪದ್ಧತಿಯಲ್ಲಿ ಆದಾಯ ನಾಲ್ಕು ಲಕ್ಷ ದಾಟಿದರೆ ರಿಟರ್ನ್ ಹಾಕಲೇಬೇಕು. 75 ದಾಟಿದವರಿಗೆ ಪಿಂಚಣಿಯೂ ಬಡ್ಡಿಯೂ ಒಂದೇ ಬ್ಯಾಂಕಿನಲ್ಲಿ ಬಂದು, ಬೇರೆ ಆದಾಯ ಇಲ್ಲದಿದ್ದರೆ ವಿನಾಯಿತಿ ಉಂಟು. ಅದಕ್ಕೂ ಬ್ಯಾಂಕಿಗೆ ಘೋಷಣೆ ಕೊಟ್ಟಿರಬೇಕು.

ಬಡ್ಡಿಯ ವಿಷಯದಲ್ಲೇ ಜಾಸ್ತಿ ಗೊಂದಲ. "ಐದು ವರ್ಷದ ಎಫ್‌ಡಿ, ಬಡ್ಡಿ ಇನ್ನೂ ಕೈಗೆ ಬಂದಿಲ್ಲ, ಯಾಕೆ ತೋರಿಸಲಿ?" ಅಂತಾರೆ. ಬ್ಯಾಂಕು ಆ ಬಡ್ಡಿಯನ್ನು ವರ್ಷ ವರ್ಷವೂ ಲೆಕ್ಕಕ್ಕೆ ಹಿಡಿದು ಇಲಾಖೆಗೆ ತಿಳಿಸುತ್ತದೆ. ನೀವೂ ಹಾಗೇ ವರ್ಷ ವರ್ಷ ತೋರಿಸಿ. ಕೊನೆಗೆ ಒಟ್ಟಿಗೆ ತೋರಿಸಿದರೆ ಆ ವರ್ಷ ತೆರಿಗೆ ತಲೆ ಮೇಲೆ ಬೀಳಬಹುದು. ಉಳಿತಾಯ ಖಾತೆ, ಅಂಚೆ ಕಚೇರಿಯ ಹಿರಿಯರ ಯೋಜನೆ, ಇವುಗಳ ಬಡ್ಡಿಯನ್ನೂ ಬಿಡಬೇಡಿ. ಹಳೆ ಪದ್ಧತಿ ಆರಿಸಿದವರಿಗೆ ಬಡ್ಡಿಯಲ್ಲಿ 50,000ದವರೆಗೆ ಕಡಿತ ಸಿಗುತ್ತದೆ, ಹೊಸದರಲ್ಲಿ ಇಲ್ಲ.

ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ತೆಗೆದುಕೊಳ್ಳುವ ತಾಯಂದಿರು ಗಮನಿಸಿ. ನಿಮಗೆ ಆ 75,000 ಅನ್ವಯಿಸಲ್ಲ. ಹೊಸ ಪದ್ಧತಿಯಲ್ಲಿ ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು ಕಳೆಯುತ್ತಾರೆ. ಫಾರಂನಲ್ಲಿ ಇದು ಸಂಬಳದ ಕೆಳಗಲ್ಲ, ಇತರ ಆದಾಯದ ಕೆಳಗೆ ಬರುತ್ತದೆ.

ರಿಟರ್ನ್ ಹಾಕಿ 30 ದಿನದೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸಿ. ಇಲ್ಲದಿದ್ದರೆ ಹಾಕಿಯೂ ಹಾಕದ ಹಾಗೆ. ರಿಫಂಡ್ ಬರುವ ಖಾತೆಯನ್ನು incometax.gov.in ತಾಣದಲ್ಲಿ ಮೊದಲೇ ಮಾನ್ಯ ಮಾಡಿಸಿರಬೇಕು. ಪಾನ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇದ್ದರೆ ದುಡ್ಡು ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು, ದಯವಿಟ್ಟು ಕೇಳಿ. "ನಿಮ್ಮ ರಿಫಂಡ್ ಮಂಜೂರಾಗಿದೆ, ಲಿಂಕ್ ಒತ್ತಿ" ಅಂತ ಮೆಸೇಜ್ ಬಂದರೆ ಒತ್ತಬೇಡಿ. ಇಲಾಖೆ ಫೋನ್ ಮಾಡಿ ಒಟಿಪಿ, ಪಿನ್ ಕೇಳಲ್ಲ. ರಿಫಂಡ್ ನೇರ ಖಾತೆಗೇ ಬರುತ್ತದೆ.

ಕೊನೆಯ ದಿನ ಜುಲೈ 31. ತಡವಾದರೆ ಮೇಷ್ಟ್ರಂಥವರ ರಿಫಂಡಿನಲ್ಲಿ 5,000 ದಂಡಕ್ಕೇ ಹೋಗುತ್ತದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಕೂತಿರ್ತೀನಿ. ಪಾನ್, ಆಧಾರ್, ಎಲ್ಲ ಬ್ಯಾಂಕುಗಳ ಬಡ್ಡಿ ಪ್ರಮಾಣಪತ್ರ, ಒಟಿಪಿ ಬರುವ ಫೋನು ತನ್ನಿ. ಒಬ್ಬೊಬ್ಬರದೇ ನೋಡೋಣ.