ಕೊಟ್ಟಿಗೆಹಾರದ ನೀರುದೋಸೆ

ರೀ, ಮದುವೆ ವಾರ್ಷಿಕೋತ್ಸವದ ಶುಭಾಶಯಗಳು ❤️

ನಮ್ಮ ಮೊದಲ ಆಷಾಢ ನೆನಪಿದೆ ಅಲ್ವಾ? ನನ್ನನ್ನು ತವರಿಗೆ ಬಿಡಲು ಚಿಕ್ಕಮಗಳೂರಿನಿಂದ ಬೆಳ್ತಂಗಡಿಗೆ ಹೊರಟಿದ್ದೆವು. ಚಾರ್ಮಾಡಿ ಘಾಟಿಯಲ್ಲಿ ಮರ ಬಿದ್ದು ಬಸ್ಸು ಕೊಟ್ಟಿಗೆಹಾರದಲ್ಲೇ ನಿಂತುಬಿಟ್ಟಿತು. ಎಂಥಾ ಮಳೆ! ಆಗಿನ್ನೂ ನಿಮ್ಮ ಹತ್ತಿರ ಹಸಿವು ಅಂತ ಹೇಳಲೂ ನನಗೆ ಸಂಕೋಚ. ನೀವೇನೂ ಕೇಳಲಿಲ್ಲ. ಛತ್ರಿಯನ್ನು ನನ್ನ ಕೈಯಲ್ಲೇ ಬಿಟ್ಟು, ಸುಮ್ನೆ ಇಳಿದು ಹೋದಿರಿ.

ವಾಪಸ್ ಬಂದಾಗ ತಲೆಯಿಂದ ನೀರು ಇಳಿಯುತ್ತಿತ್ತು. ಆದರೆ ಶರ್ಟಿನೊಳಗೆ ಇಟ್ಟುಕೊಂಡು ಬಂದ ನೀರುದೋಸೆ ಪೊಟ್ಟಣ ಮಾತ್ರ ಬೆಚ್ಚಗಿತ್ತು. ಬಾಳೆಲೆ ಬಿಡಿಸಿದರೆ ಹಬೆ. ಚಟ್ನಿ ಸೋರಿ ನಿಮ್ಮ ಬಿಳಿ ಶರ್ಟಿಗೆಲ್ಲಾ ಹಸಿರು ಕಲೆ. "ಬಿಸಿ ಇರುವಾಗಲೇ ತಿನ್ನು, ನನಗೆ ಬೇಡ" ಅಂದಿರಿ. ನಾನು ಒಂದು ತುತ್ತು ಮುರಿದು ನಿಮ್ಮ ಬಾಯಿಗಿಟ್ಟೆ. ಬಸ್ಸಿನಲ್ಲಿ ಅಷ್ಟು ಜನ ಇದ್ದರೂ!

ನೋಡಲು ಬಂದ ದಿನ ಮನೆಯವರು ಒಪ್ಪಿದ್ದರು, ನಾನೂ ತಲೆಯಾಡಿಸಿದ್ದೆ. ಮನಸ್ಸು ಪೂರ್ತಿ ನಿಮ್ಮದಾಗಿದ್ದು ಮಾತ್ರ ಆ ಬಸ್ಸಿನಲ್ಲೇ. ಇವತ್ತಿಗೂ ನಾನು ಬಾಯಿಬಿಟ್ಟು ಹೇಳುವ ಮೊದಲೇ ನಿಮಗೆ ಗೊತ್ತಾಗಿರುತ್ತದೆ. ನನಗೆ ನೀವಂದ್ರೆ ತುಂಬಾ ಇಷ್ಟ ರೀ. ಈ ಮಳೆಗಾಲ ಮಗಳನ್ನೂ ಕರೆದುಕೊಂಡು ಅದೇ ದಾರಿಯಲ್ಲಿ ಹೋಗೋಣ, ರಜೆ ಹಾಕಿಬಿಡಿ.