ಕೆಜಿಎಫ್: ಒಂದು ಗಣಿಯೂರಿನ ಚಿತ್ರಗಳು – ಪ್ರದರ್ಶನದ ಫಲಕ ಬರಹಗಳು

ಪ್ರವೇಶ ಫಲಕ

ಕೋಲಾರದ ಈ ಸಭಾಂಗಣದ ಗೋಡೆಗಳ ಮೇಲಿರುವ ಚಿತ್ರಗಳು ಮೊದಲು 26 ಸ್ಲೈಡ್‌ಗಳ ಒಂದು ಕಾಲಾನುಕ್ರಮಣಿಕೆಯಾಗಿ ನಮ್ಮ ಕೈಸೇರಿದವು. ಕೋಲಾರ ಗೋಲ್ಡ್ ಫೀಲ್ಡ್ಸ್, ಅಂದರೆ ಕೆಜಿಎಫ್‌ನ ಚಿನ್ನದ ಗಣಿಗಳಲ್ಲಿ ದುಡಿದವರ ಮನೆಗಳಿಂದ ಬಂದ ಚಿತ್ರಗಳನ್ನು ಹಳೆಯ ಅಂಚೆ ಕಾರ್ಡುಗಳ ಪ್ರತಿಗಳೊಂದಿಗೆ ಜೋಡಿಸಿ, ಪ್ರತಿಯೊಂದರ ಕೆಳಗೂ ಇಸವಿ ಮತ್ತು ಒಂದು ಸಾಲಿನ ಅಡಿಬರಹವನ್ನು ಮಾತ್ರ ಕೊಡಲಾಗಿತ್ತು. ಸಂಗ್ರಹಕಾರರು ಪರದೆಯ ಪಕ್ಕದಲ್ಲಿ ನಿಂತು ವಿವರಿಸುತ್ತಿದ್ದಾಗ ಆ ಒಂದು ಸಾಲು ಸಾಕಾಗುತ್ತಿತ್ತು. ಗೋಡೆಯ ಮುಂದೆ ನೋಡುಗರು ತಾವೇ ನಿಂತು ಓದಬೇಕಾದುದರಿಂದ ಹತ್ತು ಚಿತ್ರಗಳನ್ನು ಆರಿಸಿ ಅಡಿಬರಹಗಳನ್ನು ಹೊಸದಾಗಿ ಬರೆದಿದ್ದೇವೆ. ತೆಗೆದ ಕಾಲ ಖಚಿತವಾಗದ ಚಿತ್ರಗಳಿಗೆ ಊಹೆಯ ಇಸವಿಯನ್ನು ಹಾಕಿಲ್ಲ.

1. ಮಾರಿಕುಪ್ಪಂ ಬಳಿಯ ನೆಲ
ಇತ್ತೀಚಿನ ಛಾಯಾಚಿತ್ರ

ಸ್ಲೈಡ್‌ನಲ್ಲಿ ಈ ಚಿತ್ರದ ಕೆಳಗೆ ‘1871: ಲವೆಲ್ ಚಿನ್ನ ಕಂಡುಹಿಡಿದ’ ಎಂದಿತ್ತು. ಆ ಸಾಲನ್ನು ಇಲ್ಲಿ ಉಳಿಸಿಕೊಂಡಿಲ್ಲ. ಅದಕ್ಕೂ ಬಹಳ ಮೊದಲೇ ಈ ಭಾಗದ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದರು. 1802ರಲ್ಲಿ ಮೈಸೂರಿನ ಗಡಿಯ ಅಳತೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಅದನ್ನು ಕಣ್ಣಾರೆ ಕಂಡು ದಾಖಲಿಸಿದ್ದರು. ಮೈಕೆಲ್ ಫಿಟ್ಜೆರಾಲ್ಡ್ ಲವೆಲ್ 1871ರಲ್ಲಿ ಇಲ್ಲಿಗೆ ಬಂದದ್ದೂ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದದ್ದೂ ನಿಜ. ಆದರೆ ಅವರು ಹುಡುಕಿಕೊಂಡು ಬಂದದ್ದು ಈ ನೆಲದವರಿಗೆ ಗೊತ್ತಿದ್ದ ಚಿನ್ನವನ್ನೇ.

2. ಶಾಫ್ಟ್‌ನ ಮೇಲಿನ ಚಕ್ರ
ಅಂಚೆ ಕಾರ್ಡಿನ ಪ್ರತಿ

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಳ ಆಡಳಿತಕ್ಕೆ ಬಂದ ಮೇಲೆ ಅಗೆತವು ಶಾಫ್ಟ್ ಎಂಬ ಬಾವಿಯಂಥ ದಾರಿಗಳ ಮೂಲಕ ಆಳಕ್ಕಿಳಿಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳ ಹೆಸರುಗಳು ಇಂದಿಗೂ ಊರಿನ ಮಾತಿನಲ್ಲಿ ಉಳಿದಿವೆ.

3. ಕಾವೇರಿಯಿಂದ ಬಂದ ವಿದ್ಯುತ್ತು, 1902
ತಂತಿಮಾರ್ಗದ ಕಂಬಗಳು, ಹಳೆಯ ಛಾಯಾಚಿತ್ರದ ಪ್ರತಿ

ಕಲ್ಲನ್ನು ಪುಡಿಮಾಡುವುದಕ್ಕೂ, ಆಳದಲ್ಲಿ ಒಸರುವ ನೀರನ್ನು ಮೇಲೆತ್ತುವುದಕ್ಕೂ ಗಣಿಗಳಿಗೆ ಅಪಾರ ಶಕ್ತಿ ಬೇಕಿತ್ತು. ಅದಕ್ಕಾಗಿ ಉಗಿಯಂತ್ರಗಳ ಒಲೆಗೆ ಸೌದೆಯನ್ನೂ ಕಲ್ಲಿದ್ದಲನ್ನೂ ದೂರದಿಂದ ತರಿಸಬೇಕಾಗಿತ್ತು. ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆಯು 1902ರಲ್ಲಿ ಪೂರ್ಣಗೊಂಡಾಗ, ಕಾವೇರಿ ಧುಮುಕುವ ಸ್ಥಳದಿಂದ ಇಲ್ಲಿಯವರೆಗೆ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ವಿದ್ಯುತ್ತನ್ನು ತರಲಾಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿಗೆ ಸೇರಿತ್ತು. ಬೆಂಗಳೂರಿನ ಬೀದಿದೀಪಗಳು ಅದೇ ಕಾವೇರಿಯ ಬಲದಿಂದ ಬೆಳಗಿದ್ದು ಮೂರು ವರ್ಷಗಳ ನಂತರ, 1905ರಲ್ಲಿ. ಚಿತ್ರವನ್ನು ಹತ್ತಿರದಿಂದ ನೋಡಿದರೆ ಮೊದಲ ಕಂಬದ ಬುಡದಲ್ಲಿ ತಲೆಗೆ ವಸ್ತ್ರ ಸುತ್ತಿಕೊಂಡು ನಿಂತಿರುವ ಇಬ್ಬರು ಕಾಣುತ್ತಾರೆ. ಸ್ಲೈಡ್‌ನಲ್ಲಿ ಕಂಬಗಳಷ್ಟೇ ಕಾಣುವಂತೆ ಅವರನ್ನು ಕತ್ತರಿಸಲಾಗಿತ್ತು. ಇಲ್ಲಿ ಇಡೀ ಚಿತ್ರವನ್ನು ತೂಗುಹಾಕಿದ್ದೇವೆ.

4. ಬೇತಮಂಗಲದ ಕೆರೆ
ಕುಟುಂಬ ಸಂಗ್ರಹದ ಛಾಯಾಚಿತ್ರ

ಪಾಲಾರ್ ನದಿಯ ನೀರು ನಿಲ್ಲುವ ಈ ಕೆರೆಯಿಂದ ಗಣಿಯೂರಿಗೆ ಕುಡಿಯುವ ನೀರು ಹರಿಯುತ್ತಿತ್ತು. ದಡದಲ್ಲಿ ಬುತ್ತಿ ಬಿಚ್ಚಿ ಕುಳಿತಿರುವವರು ಭಾನುವಾರದ ರಜೆಗೆ ಬಂದ ಒಂದು ಕುಟುಂಬದವರು.

5. ತಟ್ಟಿ ಮನೆಗಳ ಸಾಲು
ಛಾಯಾಚಿತ್ರ, ಕಾಲ ಖಚಿತವಿಲ್ಲ

ಬಿದಿರಿನ ತಟ್ಟಿಗಳನ್ನು ಕಟ್ಟಿ ನಿಲ್ಲಿಸಿದ ಈ ಮನೆಗಳಲ್ಲಿ ಸುರಂಗದ ಕಾರ್ಮಿಕರ ಕುಟುಂಬಗಳು ವಾಸಿಸುತ್ತಿದ್ದವು. ಅವರಲ್ಲಿ ಬಹುಪಾಲು ಜನರು ಉತ್ತರ ಆರ್ಕಾಟು ಮತ್ತು ಚಿತ್ತೂರು ಕಡೆಯ ಹಳ್ಳಿಗಳಿಂದ ಬಂದ ತಮಿಳು, ತೆಲುಗು ಮಾತಿನವರು, ಹೆಚ್ಚಿನವರು ದಲಿತರು. ಊರಿನ ಜಮೀನ್ದಾರನ ಹೊಲ ಬಿಟ್ಟು ಇಲ್ಲಿಗೆ ಬಂದವರಿಗೆ ಕೈಗೆ ಸಿಗುವ ನಗದು ಕೂಲಿ ಒಂದು ಬಿಡುಗಡೆಯೂ ಆಗಿತ್ತು, ಹಾಗೆಂದು ಸುರಂಗದ ದುಡಿಮೆ ಹಗುರವಾಗಿರಲಿಲ್ಲ. ಅಧಿಕಾರಿಗಳ ಬಂಗಲೆಗಳ ಎಂಟು ಚಿತ್ರಗಳು ಸ್ಲೈಡ್‌ಗಳಲ್ಲಿದ್ದವು, ತಟ್ಟಿ ಮನೆಗಳದು ಇದೊಂದೇ. ಆದ್ದರಿಂದ ಪ್ರದರ್ಶನದಲ್ಲಿ ಇದನ್ನೇ ಎಲ್ಲಕ್ಕಿಂತ ದೊಡ್ಡದಾಗಿ ಮುದ್ರಿಸಿದ್ದೇವೆ. ಬಾಗಿಲ ಬಳಿ ಕೊಡ ಹಿಡಿದು ನಿಂತಿರುವ ಹೆಂಗಸಿನ ಹೆಸರು ನಮಗೆ ಸಿಕ್ಕಿಲ್ಲ. ಗುರುತು ಹಿಡಿದವರು ದಯವಿಟ್ಟು ಮೇಜಿನ ಮೇಲಿರುವ ಪುಸ್ತಕದಲ್ಲಿ ಬರೆಯಬೇಕು.

6. ಒಂದು ಪಾಳಿಯ ಕಾರ್ಮಿಕರು
ಕುಟುಂಬ ಸಂಗ್ರಹದ ಛಾಯಾಚಿತ್ರ

ಮೂಲ ಅಡಿಬರಹದಲ್ಲಿದ್ದ ‘ಕೂಲಿಗಳು’ ಎಂಬ ಪದವನ್ನು ಬದಲಿಸಿದ್ದೇವೆ. ಕೊರೆಯುವುದು, ಮದ್ದು ತುಂಬುವುದು, ಆಧಾರದ ಮರ ನಿಲ್ಲಿಸುವುದು ಇವೆಲ್ಲವೂ ವರ್ಷಗಟ್ಟಲೆ ಕಲಿತು ಮಾಡುವ ಕಸುಬುಗಳು. 1930ರಲ್ಲಿ ಕಾರ್ಮಿಕರು ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕ್ರಮವನ್ನು ಕಂಪನಿಗಳು ತಂದಾಗ, ತಮ್ಮನ್ನು ಕಳ್ಳರಂತೆ ಕಾಣಲಾಗುತ್ತಿದೆ ಎಂದು ನೊಂದು ಇಲ್ಲಿಯವರು ಕೆಲಸ ನಿಲ್ಲಿಸಿ ಗಣಿಗಳನ್ನು ಸ್ತಬ್ಧಗೊಳಿಸಿದರು.

7. ಕೇಜಿನೊಳಗೆ
ಛಾಯಾಚಿತ್ರ, ಕಾಲ ಖಚಿತವಿಲ್ಲ

ಈ ಕಬ್ಬಿಣದ ಪಂಜರದಲ್ಲಿ ನಿಂತು ಕಾರ್ಮಿಕರು ನೆಲದೊಳಕ್ಕೆ ಇಳಿಯುತ್ತಿದ್ದರು. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಕೈಯಿಡಲಾರದಷ್ಟು ಬಿಸಿಯಾಗಿರುತ್ತದೆ. ಮೇಲಿನಿಂದ ತಂಪು ಗಾಳಿಯನ್ನು ಕಳುಹಿಸದಿದ್ದರೆ ಅಲ್ಲಿ ಕೆಲಸ ಸಾಧ್ಯವಿರಲಿಲ್ಲ. ಅಗೆದು ಟೊಳ್ಳಾದ ಜಾಗದ ಸುತ್ತಲಿನ ಬಂಡೆಯು ಮೇಲಿನ ಭಾರಕ್ಕೆ ಹಠಾತ್ತನೆ ಸಿಡಿಯುವುದನ್ನು ರಾಕ್ ಬರ್ಸ್ಟ್ ಎನ್ನುತ್ತಾರೆ. ಆಗ ನೆಲದ ಮೇಲಿನ ಮನೆಗಳಲ್ಲೂ ಪಾತ್ರೆಗಳು ಅಲುಗಾಡುತ್ತಿದ್ದವು, ಮನೆಯವರು ಶಾಫ್ಟಿನ ಕಡೆಗೆ ಓಡುತ್ತಿದ್ದರು.

8. ಸುರಂಗದಲ್ಲಿ ವಿಜ್ಞಾನ, 1965
ಉಪಕರಣಗಳ ಛಾಯಾಚಿತ್ರದ ಪ್ರತಿ

ಆಕಾಶದಿಂದ ಸುರಿಯುವ ಇತರ ಕಣಗಳನ್ನು ಬಂಡೆ ತಡೆಯುತ್ತದೆ, ನ್ಯೂಟ್ರಿನೊಗಳು ಮಾತ್ರ ಅದನ್ನೂ ದಾಟಿ ಬರುತ್ತವೆ. ಈ ಕಾರಣಕ್ಕಾಗಿಯೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕೆಜಿಎಫ್‌ನ ಆಳದಲ್ಲಿ ಉಪಕರಣಗಳನ್ನಿಟ್ಟು, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಗುರುತಿಸಿದರು. ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಅದೇ ವರ್ಷ ಅವು ಪತ್ತೆಯಾದವು. ನಮ್ಮ ಜಿಲ್ಲೆಯ ಮಕ್ಕಳು ಈ ಚಿತ್ರದ ಮುಂದೆ ಹೆಚ್ಚು ಹೊತ್ತು ನಿಲ್ಲಲಿ ಎಂಬ ಆಸೆಯಿಂದ ಇದನ್ನು ಕೆಳಮಟ್ಟದಲ್ಲಿ ತೂಗುಹಾಕಿದ್ದೇವೆ.

9. ಸೈನೈಡ್ ದಿಬ್ಬ
ಇತ್ತೀಚಿನ ಛಾಯಾಚಿತ್ರ

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೂ 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಸ್ಥಾಪನೆಯಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪುಡಿ ಮಾಡಿದ ಅದಿರಿನಿಂದ ಸೈನೈಡ್ ದ್ರಾವಣದ ನೆರವಿನಿಂದ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಈ ದಿಬ್ಬಗಳಾಗಿ ನಿಂತಿದೆ. ಸ್ಲೈಡ್‌ನಲ್ಲಿ ಇದನ್ನು ‘ಸುಂದರ ಬೆಟ್ಟ’ ಎಂದು ಕರೆಯಲಾಗಿತ್ತು. ಬೇಸಿಗೆಯ ಗಾಳಿಗೆ ಇದರ ಧೂಳು ಹಾರಿ ಮನೆಗಳೊಳಗೆ ಬರುವುದನ್ನು ದಿನವೂ ಗುಡಿಸುವವರ ಎದುರು ಆ ಪದವನ್ನು ಇಡಲು ನಮಗೆ ಮನಸ್ಸಾಗಲಿಲ್ಲ.

10. ಬೆಳಗಿನ ರೈಲು
ಮಾರಿಕುಪ್ಪಂ ನಿಲ್ದಾಣ, ಇತ್ತೀಚಿನ ಛಾಯಾಚಿತ್ರ

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಈ ರೈಲುಮಾರ್ಗವನ್ನು 1894ರಲ್ಲಿ ಗಣಿಗಾಗಿ ಹಾಕಲಾಯಿತು. ಗಣಿ ಮುಚ್ಚಿದ ನಂತರ ಇದೇ ಮಾರ್ಗದಲ್ಲಿ ಸಾವಿರಾರು ಜನ ನಸುಕಿನಲ್ಲಿ ಬೆಂಗಳೂರಿಗೆ ದುಡಿಯಲು ಹೊರಟು ರಾತ್ರಿ ಮನೆ ಸೇರುತ್ತಾರೆ. ಚಿತ್ರದಲ್ಲಿ ಕಿಟಕಿಯ ಪಕ್ಕ ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟು ನಿದ್ದೆ ಹೋಗಿರುವ ಯುವಕನ ತಾತ, ಆರನೆಯ ಚಿತ್ರದ ಎಡಬದಿಯಲ್ಲಿ ಮೂರನೆಯವರಾಗಿ ನಿಂತಿದ್ದಾರೆ.