ದೊಡ್ಡಪ್ಪನ ಐದು ಬೋರು: ಕಡೂರು ಸೀಮೆಯಲ್ಲಿ ಉಚಿತ ವಿದ್ಯುತ್ತು, ಅಂತರ್ಜಲ ಮತ್ತು ಬೆಳೆಯ ಆಯ್ಕೆ

ನಮ್ಮ ಊರು ಕಡೂರು–ಅರಸೀಕೆರೆ ಗಡಿಯಲ್ಲಿದೆ. ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ ಚಂದ್ರದ್ರೋಣ ಬೆಟ್ಟಸಾಲು ಕಾಣುತ್ತದೆ. ಮಳೆಗಾಲದಲ್ಲಿ ಅಲ್ಲಿ ವಾರಗಟ್ಟಲೆ ಮೋಡ ಇಳಿದಿರುತ್ತದೆ, ನಮ್ಮಲ್ಲಿ ಗಾಳಿ ಮಾತ್ರ. ಒಂದೇ ಜಿಲ್ಲೆಯ ಶೃಂಗೇರಿಯಲ್ಲಿ ಸುರಿಯುವ ಮಳೆಯ ಕಾಲು ಭಾಗವೂ ನಮಗೆ ಬೀಳುವುದಿಲ್ಲ. ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು ಬೆಳೆದುಕೊಂಡಿದ್ದ ಈ ಎರೆ–ಕೆಂಪು ನೆಲದಲ್ಲಿ ಇವತ್ತು ಕಣ್ಣಿಗೆ ಬೀಳುವುದು ಅಡಿಕೆ ಮತ್ತು ತೆಂಗು. ಈ ಬದಲಾವಣೆ ಹೇಗೆ ಬಂತು ಎಂಬುದಕ್ಕೆ ನಮ್ಮ ಮನೆಯ ಬೋರುಗಳೇ ಸಾಕ್ಷಿ.

ತಾತನ ಕಾಲದ ತೆರೆದ ಬಾವಿ 40 ಅಡಿ. ದೊಡ್ಡಪ್ಪ ಮೊದಲ ಬೋರು ಕೊರೆಸಿದ್ದು 1994ರಲ್ಲಿ, 220 ಅಡಿಗೆ ಎರಡೂವರೆ ಇಂಚು ನೀರು. ಆಮೇಲೆ 480, ಆಮೇಲೆ 650. 2016–17ರ ಬರದಲ್ಲಿ ಮೂರೂ ನಿಂತವು. ನಾಲ್ಕನೆಯದನ್ನು 820 ಅಡಿಗೆ ಇಳಿಸಿದರೆ ಬರೀ ಬಿಳಿ ದೂಳು ಬಂತು. ಐದನೆಯದಕ್ಕೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರನ್ನು ಕರೆಸಿದರು. ರಾತ್ರಿ ಎರಡು ಗಂಟೆಗೆ, 980 ಅಡಿಯಲ್ಲಿ, ದೂಳು ನಿಂತು ಕೆಸರು ಚಿಮ್ಮಿತು. ಲಾರಿಯ ಲೈಟಿನಲ್ಲಿ ದೊಡ್ಡಪ್ಪ ಆ ಕೆಸರನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಒಂದೂವರೆ ಇಂಚು ನೀರು. ಕೇಸಿಂಗು, ಮೋಟರು, ಕೇಬಲ್ಲು, ಪೈಪು ಸೇರಿ ಮೂರೂಕಾಲು ಲಕ್ಷ ಸಾಲ. ಕರೆಂಟಿನ ಬಿಲ್ಲು ಮಾತ್ರ ಮೊದಲ ಬೋರಿನಿಂದ ಐದನೆಯದರವರೆಗೆ ಹೆಚ್ಚುಕಡಿಮೆ ಲೆಕ್ಕಕ್ಕೇ ಬರಲಿಲ್ಲ.

ಉಚಿತ ವಿದ್ಯುತ್ತಿನ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ರೈತ ನೀರು ಪೋಲು ಮಾಡುತ್ತಾನೆ ಎಂದು ಶುರು ಮಾಡುತ್ತಾರೆ. ಮಾತು ಅಷ್ಟು ಸುಲಭವಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಎಕರೆಗೆ ಸುಮಾರು 550 ಅಡಿಕೆ ಮರ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ಮರಕ್ಕೆ ದಿನಕ್ಕೆ 20 ಲೀಟರ್ ಬೇಕು ಅಂದರೆ ದಿನಕ್ಕೆ 11,000 ಲೀಟರ್. ಅಷ್ಟು ನೀರನ್ನು 900 ಅಡಿ ಆಳದಿಂದ ಎತ್ತಲು, ಮೋಟರು–ಪಂಪಿನ ದಕ್ಷತೆ ನೂರಕ್ಕೆ 40 ಎಂದು ಹಿಡಿದರೆ, ದಿನಕ್ಕೆ ಸುಮಾರು 20 ಯೂನಿಟ್ ಸುಡುತ್ತದೆ. 200 ಅಡಿಯಿಂದ ಎತ್ತಿದ್ದರೆ ನಾಲ್ಕೂವರೆ ಯೂನಿಟ್ ಸಾಕಿತ್ತು. ಫೆಬ್ರವರಿಯಿಂದ ಮೇ ತನಕ ನಾಲ್ಕು ತಿಂಗಳಿಗೆ 2,400 ಯೂನಿಟ್. ಯೂನಿಟ್ಟಿಗೆ ₹7 ಎಂದಿಟ್ಟುಕೊಂಡರೆ ₹16,800.

ಈ ಹಣ ಕೇಳಿದರೆ ದೊಡ್ಡಪ್ಪ ಅಡಿಕೆ ಕಿತ್ತು ರಾಗಿ ಹಾಕುತ್ತಾರೆಯೇ? ಇಲ್ಲ. ರಾಗಿಯ ಬೆಂಬಲ ಬೆಲೆ 2025–26ಕ್ಕೆ ಕ್ವಿಂಟಲಿಗೆ ₹4,886. ಮಳೆ ಕೈಹಿಡಿದ ವರ್ಷ ಎಕರೆಗೆ ಎಂಟು–ಹತ್ತು ಕ್ವಿಂಟಲ್ ಆದರೂ ₹50,000 ಮುಟ್ಟುವುದಿಲ್ಲ. ಅಡಿಕೆ ಒಂದು ಕ್ವಿಂಟಲ್ ಮಾರಿದರೆ ಹೆಚ್ಚುಕಡಿಮೆ ಅಷ್ಟು ಬರುತ್ತದೆ. ಹಾಗಾಗಿ ಬಿಲ್ಲು ಹಾಕಿದೊಡನೆ ಬೆಳೆ ಬದಲಾಗುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಉಚಿತ ವಿದ್ಯುತ್ತು ಮಾಡಿದ ಹಾನಿ ಬೇರೆಯದು. ನೀರು 200 ಅಡಿಯಿಂದ 900 ಅಡಿಗೆ ಇಳಿಯುವಾಗ ಎತ್ತುವ ಖರ್ಚು ನಾಲ್ಕೂವರೆ ಪಟ್ಟು ಏರಿತಲ್ಲ, ಅದು ದೊಡ್ಡಪ್ಪನಿಗೆ ಗೊತ್ತೇ ಆಗಲಿಲ್ಲ. ಬಿಲ್ಲು ಬರುತ್ತಿದ್ದರೆ ವರ್ಷ ವರ್ಷವೂ ಒಂದಿಷ್ಟು ಹೆಚ್ಚಾಗಿ, ಎರಡನೇ ಎಕರೆಗೆ ಸಸಿ ನೆಡುವ ಮುಂಚೆ ಕೈ ತಡೆಯುತ್ತಿತ್ತು. ಈಗ ನೆಲದೊಳಗಿನಿಂದ ಬರುವ ಸುದ್ದಿ ಒಂದೇ: ಒಂದು ಬೆಳಿಗ್ಗೆ ಪೈಪಿನಲ್ಲಿ ಗಾಳಿ ಬರುತ್ತದೆ. ಅಷ್ಟು ಹೊತ್ತಿಗೆ ಮರಕ್ಕೆ ಏಳು ವರ್ಷ, ಸಾಲಕ್ಕೆ ಮೂರು ವರ್ಷ. ರಾಗಿಯಾಗಿದ್ದರೆ ಒಂದು ವರ್ಷ ಬೀಳುಬಿಟ್ಟು ಸುಮ್ಮನಿರಬಹುದು. ತೋಟವನ್ನು ಹಾಗೆ ಬಿಡಲು ಆಗದು. ಬೋರು ಬತ್ತಿದಾಗ ಇನ್ನೂ ಆಳಕ್ಕೆ ಹೋಗದೆ ತೋಟದವರಿಗೆ ದಾರಿಯೇ ಇರುವುದಿಲ್ಲ. ಅರಸೀಕೆರೆ ಕಡೆ ಬರದಲ್ಲಿ ತೆಂಗಿನ ಸುಳಿ ಒಣಗಿ ಬರೀ ಕಂಬಗಳಾಗಿ ನಿಂತದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ನಮ್ಮ ಕಲ್ಲಿನ ಗುಣವೂ ಇಲ್ಲಿ ಮುಖ್ಯ. ಪಂಜಾಬಿನ ಹಾಗೆ ನೂರಾರು ಅಡಿ ಮೆಕ್ಕಲು ಮಣ್ಣು ನಮ್ಮಲ್ಲಿಲ್ಲ. ಮೇಲೆ ಒಂದಷ್ಟು ಅಡಿ ಶಿಥಿಲವಾದ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ, ಬಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು. ಮಳೆ ನೀರು ಬೇಗ ತುಂಬುವುದು ಮೇಲಿನ ಪದರಕ್ಕೆ. ನಾವು ಅದನ್ನು ಖಾಲಿ ಮಾಡಿ, ಬಹಳ ನಿಧಾನವಾಗಿ ತುಂಬುವ ಬಿರುಕುಗಳಿಗೆ ಮೋಟರು ಇಳಿಸಿದ್ದೇವೆ.

ತ್ರೀಫೇಸ್ ಕೊಡುವ ಕ್ರಮವೂ ಬೆಂಕಿಗೆ ತುಪ್ಪ ಸುರಿಯುತ್ತದೆ. ದಿನಕ್ಕೆ ಏಳು ಗಂಟೆ ಎನ್ನುತ್ತಾರೆ, ಯಾವ ಏಳು ಗಂಟೆ ಎಂಬುದು ಖಚಿತವಿಲ್ಲ. ಎಲ್ಲರ ಡಬ್ಬಿಯಲ್ಲೂ ಆಟೋ ಸ್ಟಾರ್ಟರ್. ಕರೆಂಟು ಬಂದೊಡನೆ ಒಂದೇ ಟ್ರಾನ್ಸ್‌ಫಾರ್ಮರಿನ ಅಷ್ಟೂ ಮೋಟರುಗಳು ಒಟ್ಟಿಗೆ ಗುಂಯ್‌ಗುಡುತ್ತವೆ. ನೆಲ ಇನ್ನೂ ಒದ್ದೆಯಿದೆಯಲ್ಲ, ಇವತ್ತು ಆಫ್ ಮಾಡಿ ಅಂತ ಒಮ್ಮೆ ಹೇಳಿದ್ದೆ. "ನಾನು ಆಫ್ ಮಾಡಿದ್ರೆ ನೀರು ಉಳೀತದೇನಪ್ಪ? ಪಕ್ಕದ ತೋಟದೋರು ಎಳ್ಕತಾರೆ," ಅಂದರು ದೊಡ್ಡಪ್ಪ. ಅವರ ಮಾತಿನಲ್ಲಿ ತಪ್ಪಿಲ್ಲ. ಉಳಿಸಿದವನಿಗೆ ಇವತ್ತಿನ ವ್ಯವಸ್ಥೆಯಲ್ಲಿ ಏನೂ ಸಿಗುವುದಿಲ್ಲ.

ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು ಅನ್ಯಾಯ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತು ಕೊಡಲು ರಾಜ್ಯ ಸರ್ಕಾರ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕಟ್ಟುತ್ತದೆ. ಈ ಹಣ ಹೋಗುವುದು ಬೋರು ಇರುವವರಿಗೆ. ಅದರಲ್ಲೂ ಆಳದ ಬೋರಿನವರಿಗೆ, ದೊಡ್ಡ ತೋಟದವರಿಗೆ ಹೆಚ್ಚು. ನಮ್ಮ ಹೊಲದ ಬದಿಯಲ್ಲೇ ಎರಡು ಎಕರೆಗೆ ಮಳೆ ನಂಬಿ ರಾಗಿ ಬಿತ್ತುವ ಹೆಂಗಸೊಬ್ಬರಿದ್ದಾರೆ. ಅಂತರ್ಜಲದ ಒಂದು ಹನಿಯನ್ನೂ ಅವರು ಎತ್ತಿಲ್ಲ. ಕುಡಿಯುವ ನೀರಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಇಟ್ಟು ನಿಲ್ಲುವವರು ಅವರೇ. ಈ ಬಾಬತ್ತಿನಿಂದ ಅವರಿಗೆ ಬರುವುದು ಸೊನ್ನೆ.

ಹಾಗಂತ ನಾಳೆಯೇ ಮೀಟರು ಕೂರಿಸಿ ಬಿಲ್ಲು ಕೊಡಿ ಎಂದರೆ ಸಾಲದಲ್ಲಿರುವ ಸಣ್ಣ ಹಿಡುವಳಿದಾರ ಮೊದಲು ಸಾಯುತ್ತಾನೆ. ದಾರಿ ಇನ್ನೊಂದಿದೆ. ಪಂಜಾಬಿನಲ್ಲಿ 2018ರಲ್ಲಿ ಶುರುವಾದ ಯೋಜನೆಯಲ್ಲಿ ರೈತನಿಗೆ ಇಂತಿಷ್ಟು ಯೂನಿಟ್ ಎಂದು ಗೊತ್ತುಮಾಡಿ, ಅದರಲ್ಲಿ ಉಳಿಸಿದ್ದಕ್ಕೆ ಹಣವನ್ನು ಅವನ ಖಾತೆಗೆ ಹಾಕುತ್ತಿದ್ದರು. ಹೆಚ್ಚು ಬಳಸಿದರೂ ದಂಡವಿರಲಿಲ್ಲ. ಗುಜರಾತಿನಲ್ಲಿ 2003ರಿಂದ ಜ್ಯೋತಿಗ್ರಾಮ ಯೋಜನೆಯಡಿ ಪಂಪ್‌ಸೆಟ್ಟಿಗೆ ಕರೆಂಟು ಒಯ್ಯುವ ಫೀಡರ್ ಲೈನನ್ನು ಮನೆಗಳ ಲೈನಿನಿಂದ ಬೇರ್ಪಡಿಸಿದರು. ನಮ್ಮಲ್ಲೂ ನಿರಂತರ ಜ್ಯೋತಿಯಡಿ ಅದೇ ಕೆಲಸ ನಡೆದಿದೆ. ಅಂದರೆ ಅಳೆಯುವ ತಂತಿ ಬಹಳ ಕಡೆ ಆಗಲೇ ಇದೆ. ಎಕರೆ ಲೆಕ್ಕದಲ್ಲಿ ಯೂನಿಟ್ ನಿಗದಿಯಾಗಲಿ, ಎರಡೂವರೆ ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಒಂದು ಮಿತಿ ಇರಲಿ. ಬೋರೇ ಇಲ್ಲದ ರಾಗಿ ಹೊಲಕ್ಕೂ ಅದೇ ಪಾಲು ನಗದಾಗಿ ಬರಲಿ. ನನ್ನ ಮಟ್ಟಿಗೆ ಇಡೀ ಸುಧಾರಣೆಯ ಪ್ರಾಣ ಇರುವುದು ಈ ಕೊನೆಯ ಮಾತಿನಲ್ಲಿ. ಅದರ ಜೊತೆಗೆ ಬೆಂಬಲ ಬೆಲೆಯ ರಾಗಿ ಖರೀದಿ ಕೇಂದ್ರ ಸುಗ್ಗಿ ಮುಗಿದು ತಿಂಗಳುಗಟ್ಟಲೆ ಆದಮೇಲೆ ಬಾಗಿಲು ತೆರೆಯುವುದು ನಿಲ್ಲಬೇಕು. ಕಣದಲ್ಲಿ ರಾಗಿ ಇರುವಾಗಲೇ ತೂಕದ ಕಲ್ಲು ಬರಬೇಕು.

ಎತ್ತಿನಹೊಳೆ ನೀರು ಸಕಲೇಶಪುರದಿಂದ ಪೂರ್ವಕ್ಕೆ ಹೊರಟಿದೆ. ಕೆರೆ ತುಂಬುತ್ತದೆ ಎಂಬ ಆಸೆ ನಮ್ಮ ಕಡೆಯೂ ಇದೆ, ನನಗೂ ಇದೆ. ಕಳೆದ ಯುಗಾದಿಗೆ ಊರಿಗೆ ಹೋದಾಗ ದೊಡ್ಡಪ್ಪ ಕೆರೆಯ ಹಿಂದಿನ ಒಂದೂವರೆ ಎಕರೆ ರಾಗಿ ಹೊಲದಲ್ಲಿ ಗುಣಿ ತೆಗೆಸುತ್ತಿದ್ದರು. ಅಡಿಕೆ ಸಸಿ ಬಂದು ಬೇಲಿ ಪಕ್ಕ ನೆರಳಲ್ಲಿ ಕೂತಿತ್ತು. ಆರನೇ ಪಾಯಿಂಟಿಗೆ ಸುಣ್ಣದ ಗುರುತೂ ಹಾಕಿಯಾಗಿತ್ತು.